ಅರೆ ಇಟ್ಟಿಗೆ ಗೋಡೆಯೊಳಗೆ ಬಿಸಿನೀರಿನ ಪೈಪು: ನಾನು ಮಾಡಿದ ರೀತಿ

ಕೆಲವು ವರ್ಷಗಳ ಹಿಂದೆ ನಾನೇ ಪೈಪು ಹಾಕಿದ್ದ ಒಂದು ಬಚ್ಚಲಮನೆಗೆ ಮತ್ತೆ ಹೋಗಬೇಕಾಯಿತು. ಗೋಡೆಯಲ್ಲಿ ಅಡ್ಡಡ್ಡ ಕೂದಲೆಳೆಯಂಥ ಬಿರುಕು. ಪಕ್ಕದಲ್ಲೇ ಹೋಗಿದ್ದ ತಣ್ಣೀರಿನ ಪೈಪಿನ ಮೇಲೆ ಏನೂ ಇಲ್ಲ, ಬಿಸಿನೀರಿನ ಪೈಪಿನ ಉದ್ದಕ್ಕೂ ಮಾತ್ರ ಗೆರೆ. ಟೈಲ್ಸ್ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿದರೆ ಅಲ್ಲಿ ಪೊಳ್ಳು ಸದ್ದು. ಒಡೆದು ನೋಡಿದಾಗ ಕಾರಣ ಸಿಕ್ಕಿತು. ಪೈಪಿಗೆ ಸ್ಲೀವ್, ಅಂದರೆ ಫೋಮ್‌ನ ಮೇಲ್ಹೊದಿಕೆ, ಹಾಕದೆ ನೇರವಾಗಿ ಗಾರೆಯಲ್ಲಿ ಹೂತಿದ್ದೆ.

ಬಿಸಿನೀರಿಗೆ ಹಾಕುವ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಬಿಸಿಯಾದರೆ ಚೆನ್ನಾಗಿಯೇ ಉದ್ದವಾಗುತ್ತದೆ. ಪ್ರತಿ ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 0.067 ಮಿ.ಮೀ. ಆ ಪೈಪು 3 ಮೀಟರ್ ಇತ್ತು. ನೀರು 20 ಡಿಗ್ರಿಯಿಂದ 60ಕ್ಕೆ ಏರಿದರೆ ಹತ್ತಿರ ಹತ್ತಿರ 8 ಮಿ.ಮೀ. ಆಯಿತು. ಪೈಪಿಗೆ ಜಾಗ ಇಲ್ಲ, ಅದು ಗಾರೆಯನ್ನು ತಳ್ಳುತ್ತದೆ. ದಿನಕ್ಕೆ ಎರಡು ಸಲ ತಳ್ಳಿ, ಎರಡು ಸಲ ಎಳೆದರೆ ಪ್ಲಾಸ್ಟರ್ ಎಷ್ಟು ದಿನ ತಡೆಯುತ್ತೆ?

ಮುಂದಿನ ಕೆಲಸದಲ್ಲಿ ಗೋಡೆ ಕಡಿಯುವ ಮೊದಲು ಕೂತು ಲೆಕ್ಕ ಹಾಕಿದೆ. ಅದೂ ಅರೆ ಇಟ್ಟಿಗೆ ಗೋಡೆಯೇ, ಪ್ಲಾಸ್ಟರ್ ಬಿಟ್ಟು 110 ಮಿ.ಮೀ. ದಪ್ಪ. ಗಟ್ಟಿ ಇಟ್ಟಿಗೆ ಗೋಡೆಗೆ ನಾನು ಪಾಲಿಸುವ ನಿಯಮ ಇಷ್ಟು: ಪೈಪು ಕೂರಿಸಲು ಕಡಿಯುವ ಗ್ರೂವ್ ನೇರ ಮೇಲಿನಿಂದ ಕೆಳಗೆ ಬಂದರೆ ಗೋಡೆ ದಪ್ಪದ ಮೂರರಲ್ಲಿ ಒಂದು ಪಾಲಿಗಿಂತ ಆಳ ಹೋಗಬಾರದು, ಅಡ್ಡ ಹೋದರೆ ಆರರಲ್ಲಿ ಒಂದು ಪಾಲು. ಅಂದರೆ ಇಲ್ಲಿ ನೇರಕ್ಕೆ 36 ಮಿ.ಮೀ., ಅಡ್ಡಕ್ಕೆ 18 ಮಾತ್ರ. ಅಡ್ಡ ಗ್ರೂವ್ ಗೋಡೆಯ ಭಾರ ಹೊರುವ ಅಗಲವನ್ನೇ ಉದ್ದಕ್ಕೂ ತಿಂದುಬಿಡುತ್ತದೆ, ಅದಕ್ಕೇ ಅದರ ಮಿತಿ ಅಷ್ಟು ಬಿಗಿ. ಟೊಳ್ಳು ಬ್ಲಾಕ್‌ಗೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಹೊರಪದರವೇ ತೆಳು, ಕಡಿದರೆ ನೇರ ಪೊಳ್ಳಿಗೆ ಹೋಗುತ್ತೀರಿ.

ಈಗ ಪೈಪಿನ ಕಡೆ. ಮುಕ್ಕಾಲು ಇಂಚಿನ ಸಿಪಿವಿಸಿಯ ಹೊರ ಅಳತೆ 22 ಮಿ.ಮೀ. ಅದರ ಮೇಲೆ 9 ಮಿ.ಮೀ. ದಪ್ಪದ ಫೋಮ್ ಸ್ಲೀವ್ ಹಾಕಿದರೆ 40 ಆಗುತ್ತದೆ, ಹಿಡಿಸುವುದಿಲ್ಲ. 6 ಮಿ.ಮೀ. ಸ್ಲೀವ್ ಹಾಕಿದರೆ 34, ಹಿಡಿಸುತ್ತದೆ. ಅದನ್ನೇ ಆರಿಸಿದೆ. ಅಡ್ಡ ಹೋಗುವ ದಾರಿಯನ್ನು ಮಾತ್ರ ಪೂರ್ತಿ ಬಿಟ್ಟೆ. 18 ಮಿ.ಮೀ.ಯಲ್ಲಿ 22ರ ಪೈಪೇ ಹಿಡಿಸಲ್ಲ, ಅಲ್ವಾ? ಆದ್ದರಿಂದ ಪೈಪು ಫಾಲ್ಸ್ ಸೀಲಿಂಗ್ ಮೇಲೆ ಬಂದು, ಅಲ್ಲಿಂದ ನೇರ ಕೆಳಗೆ ಬಿಸಿ, ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಗೆ ಇಳಿಯುವ ಹಾಗೆ ದಾರಿ ಬದಲಿಸಿದೆ. ಪೈಪು ಸ್ವಲ್ಪ ಜಾಸ್ತಿ ಬೇಕಾಯಿತು, ಗೋಡೆ ಉಳಿಯಿತು.

ಬಿಸಿ, ತಣ್ಣೀರಿನ ಮಧ್ಯೆ 150 ಮಿ.ಮೀ. ಅಂತರ ಬರಬೇಕು, ಮಿಕ್ಸರ್ ಅಷ್ಟೇ ಕೇಳುತ್ತದೆ. ಹಾಗಂತ 200 ಮಿ.ಮೀ. ಅಗಲದ ಒಂದೇ ಗುಂಡಿ ತೆಗೆಯಲಿಲ್ಲ. 45 ಮಿ.ಮೀ. ಅಗಲದ ಎರಡು ಗ್ರೂವ್ ತೆಗೆದೆ, ಮಧ್ಯದ ಇಟ್ಟಿಗೆ ಹಾಗೇ ಉಳಿಯಲಿ ಅಂತ. ಗೋಡೆಯ ಹಿಂಬದಿಯಲ್ಲಿ ಅದೇ ಜಾಗಕ್ಕೆ ಇನ್ನೊಂದು ಗ್ರೂವ್ ಇಲ್ಲ ಅನ್ನುವುದನ್ನೂ ನೋಡಿಕೊಂಡೆ. ಎರಡು ಕಡೆಯಿಂದ ಕಡಿದರೆ ಮೂರರಲ್ಲಿ ಒಂದು ಪಾಲಿನ ಲೆಕ್ಕಕ್ಕೆ ಅರ್ಥವೇ ಇರಲ್ಲ. ಎರಡೂ ಅಂಚಿಗೆ ಮೆಷಿನ್ನಿನಲ್ಲಿ ಗೆರೆ ಹೊಡೆದು, ನಡುವಿನದನ್ನು ಉಳಿಯಿಂದ ಮೆಲ್ಲಗೆ ಬಿಡಿಸಿದೆ. ಒಂದು ಮರದ ಪಟ್ಟಿಗೆ 36ರ ಗುರುತು ಹಾಕಿ ಕೈಯಲ್ಲಿಟ್ಟುಕೊಂಡು ಅಡಿಗೊಮ್ಮೆ ಆಳ ಅಳೆಯುತ್ತಾ ಬಂದೆ. ಸುಮ್ನೆ ಕಣ್ಣಳತೆಯಲ್ಲಿ ಹೋದರೆ ಉಳಿ ಯಾವಾಗಲೂ ಆಳಕ್ಕೇ ಹೋಗುತ್ತದೆ.

ಗ್ರೂವ್ ಒಳಗೆ ಜಾಯಿಂಟ್ ಇಡಲಿಲ್ಲ. ಮೇಲಿನಿಂದ ಕೆಳಗಿನ ಹಿತ್ತಾಳೆ ಎಲ್ಬೋ ತನಕ ಒಂದೇ ತುಂಡು ಪೈಪು. ಎಲ್ಬೋವನ್ನು ಪ್ಲೇಟಿಗೆ ಸ್ಕ್ರೂ ಹಾಕಿ ಗೋಡೆಗೆ ಭದ್ರವಾಗಿ ಕಟ್ಟಿದೆ, ಅದು ಅಲುಗಾಡಬಾರದು. ಮೇಲಿನ ತುದಿ ಮಾತ್ರ ಬಿಡುಬೀಸಾಗಿರಬೇಕು. ಅದಕ್ಕೆ ಸೀಲಿಂಗ್ ಒಳಗೆ ಪೈಪು ತಿರುಗಿದ ಮೇಲೆ ಸುಮಾರು 60 ಸೆಂ.ಮೀ. ದೂರದವರೆಗೆ ಕ್ಲಾಂಪ್ ಹಾಕಲಿಲ್ಲ. ಪೈಪು ಉದ್ದವಾದಾಗ ಆ ತುಂಡು ಬಾಗಿ ಜಾಗ ಕೊಡುತ್ತದೆ.

ಎಲ್ಬೋ ಬಾಯಿ ಎಷ್ಟು ಮುಂದೆ ಬರಬೇಕು ಅನ್ನುವುದನ್ನೂ ಆಗಲೇ ತೀರ್ಮಾನಿಸಬೇಕು. ಪ್ಲಾಸ್ಟರ್ 15, ಟೈಲ್ಸ್ ಅಂಟು 4, ಟೈಲ್ಸ್ 8. ಇಟ್ಟಿಗೆ ಮುಖದಿಂದ ಒಟ್ಟು 27 ಮಿ.ಮೀ. ಕೊರತೆ ಬಿದ್ದದ್ದನ್ನು ಎಕ್ಸ್‌ಟೆನ್ಷನ್ ನಿಪ್ಪಲ್‌ನಿಂದ ತುಂಬಿಸಿ, ಬಾಯಿಗೆ ಉದ್ದದ ಪ್ಲಗ್ ಹಾಕಿದೆ. ಚಿಕ್ಕ ಪ್ಲಗ್ ಹಾಕಿದರೆ ಪ್ಲಾಸ್ಟರ್ ಹೊತ್ತಿಗೆ ಅದು ಗಾರೆಯೊಳಗೆ ಮುಳುಗಿ, ಆಮೇಲೆ ಹುಡುಕಿ ಒಡೆಯಬೇಕಾಗುತ್ತದೆ.

ಜಾಯಿಂಟ್‌ಗಳಿಗೆ ಸಾಲ್ವೆಂಟ್ ಅಂಟು ಹಚ್ಚಿದ ಮೇಲೆ ಒಂದು ದಿನ ಪೂರ್ತಿ ಬಿಟ್ಟೆ. ಆಮೇಲೆ ನೀರು ತುಂಬಿ, ಗಾಳಿ ಪೂರ್ತಿ ಹೊರಗೆ ಹೋಗುವವರೆಗೆ ಹರಿಸಿ, ಪಂಪಿನಿಂದ 6 ಬಾರ್ ಒತ್ತಡ ಕೊಟ್ಟೆ. ಮನೆಯ ಮಾಮೂಲಿ ಒತ್ತಡ 4 ಬಾರ್, ಅದರ ಒಂದೂವರೆ ಪಟ್ಟು. ಎರಡು ತುದಿಯ ಜಾಯಿಂಟ್‌ಗಳಿಗೆ ಆಗ ಫೋಮ್ ಸುತ್ತಿರಲಿಲ್ಲ, ಬೆವರಿದರೆ ಕಾಣಲಿ ಅಂತ. ಒಣಗಿಯೇ ಇತ್ತು. ಆಮೇಲೆ ಫೋಮ್ ಮುಚ್ಚಿ, ಅದರ ಸೀಳು ಮತ್ತು ಸೇರುವ ಜಾಗಗಳಿಗೆಲ್ಲ ಟೇಪ್ ಸುತ್ತಿದೆ. ಈ ಟೇಪನ್ನು ಯಾರೂ ಬಿಡಬೇಡಿ. ಸಿಮೆಂಟ್ ಹಾಲು ಒಂದು ಕಡೆ ಒಳಗೆ ಇಳಿದು ಗಟ್ಟಿಯಾದರೆ ಪೈಪು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಆಗ ಸ್ಲೀವ್ ಇದ್ದೂ ಇಲ್ಲದ ಹಾಗೆ.

ಒತ್ತಡ ಬಿಡದೆ ಹಾಗೇ ಪ್ಲಾಸ್ಟರ್ ಮಾಡಿಸಿದೆ. ಗಾರೆ ಕೆಲಸದವನಿಗೆ ಒತ್ತಡ ತೋರಿಸುವ ಗೇಜ್ ಮೊಣಕೈಗೆ ತಗುಲುತ್ತಿತ್ತು.

"ಅಣ್ಣ, ಇದನ್ನ ಬಿಚ್ಚಿಬಿಡ್ಲಾ? ಕೈ ಆಡಿಸೋಕೆ ಆಗ್ತಿಲ್ಲ."

"ಬೇಡಪ್ಪ, ಸ್ವಲ್ಪ ಸುಧಾರಿಸ್ಕೊ. ಮೊಳೆ ಪೈಪಿಗೆ ಬಿದ್ರೆ ನಮಗೆ ಹೇಳೋದು ಅದೊಂದೇ."

ನಿಜವಾಗಿಯೂ ಅಷ್ಟೇ. ಪ್ಲಾಸ್ಟರ್ ಅಡಿಗೆ ಹಾಕುವ ಬಲೆಗೆ, ಅಂದರೆ ಮೆಶ್‌ಗೆ, ಮೊಳೆ ಹೊಡೆಯುವಾಗಲೇ ಪೈಪಿಗೆ ಪೆಟ್ಟು ಬೀಳುವುದು ಜಾಸ್ತಿ. ಗೇಜಿನ ಮುಳ್ಳು ಇಳಿದರೆ ಆ ಕ್ಷಣವೇ ಗೊತ್ತಾಗುತ್ತದೆ, ಟೈಲ್ಸ್ ಕೂತ ಮೇಲೆ ಅಲ್ಲ. ಬಿಸಿಲು, ಚಳಿಗೆ ಮುಳ್ಳು ಚೂರು ಆ ಕಡೆ ಈ ಕಡೆ ಆಡುತ್ತದೆ. ಅದಕ್ಕೆ ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ ಬರೆದಿಟ್ಟೆ.

ಗ್ರೂವ್‌ನ ಧೂಳು ಗುಡಿಸಿ, ನೀರು ಚಿಮುಕಿಸಿ, ಮೊದಲ ದಿನ ಇಟ್ಟಿಗೆ ಮುಖದ ಮಟ್ಟದವರೆಗೆ ಮಾತ್ರ ಗಾರೆ ತುಂಬಿಸಿದೆ. ಕರಣೆ ತುದಿಯಿಂದ ಫೋಮ್‌ನ ಎರಡೂ ಪಕ್ಕ ಒತ್ತಿ, ಪೊಳ್ಳು ಉಳಿಯದಂತೆ. ಮಾರನೇ ದಿನ ಗ್ರೂವ್ ಅಂಚಿನಿಂದ ಎರಡೂ ಕಡೆ 100 ಮಿ.ಮೀ. ದಾಟುವಂತೆ ಮೆಶ್ ಹಾಕಿ, ಅದರ ಮೇಲೆ 15 ಮಿ.ಮೀ. ಪ್ಲಾಸ್ಟರ್. ಮೊಳೆಗಳನ್ನು ಗ್ರೂವ್‌ನಿಂದ ದೂರ, ಮೆಶ್‌ನ ಅಂಚಿನಲ್ಲೇ ಹೊಡೆಸಿದೆ. ಮುಚ್ಚುವ ಮೊದಲು ಅಳತೆ ಟೇಪ್ ಹಿಡಿದು ಫೋಟೊ ತೆಗೆದಿಟ್ಟುಕೊಂಡಿದ್ದೆ, ಮುಂದೆ ಕನ್ನಡಿ ನೇತುಹಾಕುವವರಿಗೆ ಅದು ಬೇಕಾಗುತ್ತದೆ.

ಸೀಲಿಂಗ್ ಮುಚ್ಚುವ ಮುಂಚೆ, ಸ್ಲೀವ್ ಮುಗಿಯುವ ಕಡೆ ಪೈಪಿನ ಮೇಲೆ ಪೆನ್ಸಿಲ್‌ನಿಂದ ಒಂದು ಗೆರೆ ಎಳೆದು ಬಿಸಿನೀರು ಬಿಟ್ಟೆ. ಗೋಡೆಯೊಳಗಿನ ಪೈಪು 1.7 ಮೀಟರ್, ಲೆಕ್ಕದ ಪ್ರಕಾರ ಸುಮಾರು ನಾಲ್ಕೂವರೆ ಮಿ.ಮೀ. ಮೇಲೇರಬೇಕಿತ್ತು. ಏಣಿ ಮೇಲೆ ನಿಂತು ನೋಡುತ್ತಿದ್ದ ಹಾಗೆ ಗೆರೆ ಫೋಮ್ ಅಂಚನ್ನು ಬಿಟ್ಟು ಮೆಲ್ಲಗೆ ಮೇಲೆ ಬಂತು. ನೀರು ತಣ್ಣಗಾದ ಮೇಲೆ ಮತ್ತೆ ಅಂಚಿಗೇ ಬಂದು ನಿಂತಿತು.