ಎರಡು ದಿನ ಕೊಟ್ಟೆ, ಒಂದೇ ಷರತ್ತಿನ ಮೇಲೆ

ರಾಯಚೂರಿನಲ್ಲಿ ನಮ್ಮದು ಲೆಕ್ಕ ಬರೆಯುವ ಸಣ್ಣ ಆಫೀಸು. ಜಿನ್ನಿಂಗ್ ಮಿಲ್ಲು, ರೈಸ್ ಮಿಲ್ಲಿನವರೇ ಜಾಸ್ತಿ. ಪ್ರತಿ ತಿಂಗಳು 11ರೊಳಗೆ ಅವರ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ರಿಟರ್ನ್ ಹಾಕಬೇಕು. ಮಾರಾಟದ ಬಿಲ್ಲುಗಳ ಪಟ್ಟಿ 7ಕ್ಕೇ ನನ್ನ ಕೈಗೆ ಬರಬೇಕು.

ಹೋದ ತಿಂಗಳು ಸಹೋದ್ಯೋಗಿ ಎರಡು ದಿನ ಜಾಸ್ತಿ ಕೇಳಿದರು. ನಾನು ಸುಮ್ನೆ 'ಆಯ್ತು ಮೇಡಂ, ನೋಡ್ಕೊಂಡು ಕೊಡಿ' ಅಂದುಬಿಟ್ಟೆ. ನೋಡ್ಕೊಂಡು ಅಂದ್ರೆ ಯಾವತ್ತು? ಪಟ್ಟಿ ಬಂದದ್ದು 10ರ ರಾತ್ರಿ. ಒಬ್ಬ ಖರೀದಿದಾರರ ಜಿಎಸ್‌ಟಿ ನಂಬರಿನಲ್ಲಿ ಒಂದು ಅಂಕಿ ತಪ್ಪು, ಪೋರ್ಟಲ್ ತಗೊಳ್ಳಲೇ ಇಲ್ಲ. ಆ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡೋದು? ಆ ಬಿಲ್ಲು ಬಿಟ್ಟುಹೋಯಿತು. ಖರೀದಿದಾರರಿಗೆ ಆ ತಿಂಗಳ ತೆರಿಗೆ ಕ್ರೆಡಿಟ್ ಕಾಣಲಿಲ್ಲ. ಬೈಗುಳ ಮಾತ್ರ ನನಗೆ ಬಂತು.

ಈ ತಿಂಗಳು ಮತ್ತೆ ಕೇಳಿದರು. ಮೊದಲು ಮೂರು ಷರತ್ತು ಬರೆದೆ. ಓದಿದರೆ ನೋಟಿಸ್ ಥರ ಇತ್ತು. ಎರಡನ್ನು ಅಳಿಸಿ ಇಷ್ಟೇ ಕಳಿಸಿದೆ:

'ಮೇಡಂ, 9ರ ಸಂಜೆ 5ರವರೆಗೆ ಟೈಮ್ ತಗೊಳ್ಳಿ. ಒಂದೇ ಷರತ್ತು: ಜಿಎಸ್‌ಟಿ ನಂಬರ್ ಇರುವವರಿಗೆ ಮಾಡಿದ ಬಿಲ್ಲುಗಳು 7ರ ಸಂಜೆಯೊಳಗೆ ಬರಬೇಕು. ನಂಬರ್ ತಪ್ಪಿದ್ದರೆ ಕೇಳಿ ಸರಿ ಮಾಡಲು ನನಗೆ ಎರಡು ದಿನ ಬೇಕು. ಅದು ಆಗಲ್ಲ ಅನ್ನಿಸಿದರೆ ಇವತ್ತೇ ಹೇಳಿ, ಕೂತು ಇಬ್ಬರೂ ಮಾಡೋಣ.'

ಚಿಲ್ಲರೆ ಮಾರಾಟ ಒಟ್ಟು ಮೊತ್ತದಲ್ಲಿ ಹೋಗುತ್ತೆ, ಅದು 9ಕ್ಕೆ ಬಂದರೂ ನಡೆಯುತ್ತೆ ಅಲ್ವಾ?

7ರ ಸಂಜೆ ನಾಲ್ಕೂ ಮುಕ್ಕಾಲಿಗೆ ಪಟ್ಟಿ ಬಂತು. ಎರಡು ನಂಬರ್ ತಪ್ಪಿದ್ದವು. ಮರುದಿನ ಮಧ್ಯಾಹ್ನ ಊಟಕ್ಕೆ ಮೊದಲೇ ಸರಿ ಮಾಡಿದೆ.