ಸಂಶೋಧನಾ ಪೇಪರ್ ಓದುವ ಕ್ರಮ: ಡೆಕ್ಸಾಮೆಥಾಸೋನ್ ಪೇಪರನ್ನೇ ಹಿಡಿದು

ಇಂಗ್ಲಿಷ್ ಪೇಪರನ್ನು ಮೊದಲ ಸಾಲಿನಿಂದ ಕೊನೆಯವರೆಗೆ ನಿಘಂಟು ಹಿಡಿದು ಓದಲು ಕೂತರೆ ಎರಡನೇ ಪುಟದಲ್ಲೇ ಕೈಬಿಡಬೇಕಾಗುತ್ತದೆ. ಪದಗಳಿಗಿಂತ ಓದುವ ಕ್ರಮದಲ್ಲೇ ಹೆಚ್ಚು ವಿದ್ಯಾರ್ಥಿಗಳು ಸೋಲುತ್ತಾರೆ. ಅಭ್ಯಾಸಕ್ಕೆ ಒಳ್ಳೆಯ ಪೇಪರ್ ಒಂದಿದೆ. ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಕೊಟ್ಟು ನೋಡಿದ ಬ್ರಿಟನ್ನಿನ ರಿಕವರಿ ಪ್ರಯೋಗದ ವರದಿ ಅದು. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಇದನ್ನು 2020ರ ಜುಲೈನಲ್ಲಿ ಆನ್‌ಲೈನ್‌ನಲ್ಲಿ ಪ್ರಕಟಿಸಿತು.

ಮೊದಲು ಅಬ್‌ಸ್ಟ್ರ್ಯಾಕ್ಟ್ ತೆರೆದು ಅದರ ಕೊನೆಯ ಭಾಗವಾದ ಕನ್‌ಕ್ಲೂಷನ್ಸ್ ಓದಿ. ಅಲ್ಲಿರುವುದರ ಸಾರ ಇಷ್ಟು: ಪ್ರಯೋಗಕ್ಕೆ ಸೇರುವಾಗ ವೆಂಟಿಲೇಟರ್‌ನಲ್ಲಿದ್ದವರಲ್ಲಿ ಅಥವಾ ಆಕ್ಸಿಜನ್ ಪಡೆಯುತ್ತಿದ್ದವರಲ್ಲಿ ಈ ಔಷಧಿಯಿಂದ 28 ದಿನಗಳೊಳಗಿನ ಸಾವು ಕಡಿಮೆಯಾಯಿತು, ಉಸಿರಾಟಕ್ಕೆ ಯಾವ ನೆರವೂ ಬೇಕಿಲ್ಲದವರಲ್ಲಿ ಹಾಗಾಗಲಿಲ್ಲ. ಈ ಒಂದು ವಾಕ್ಯವನ್ನು ನೋಟ್‌ಬುಕ್ಕಿನಲ್ಲಿ ನಾಲ್ಕು ಪ್ರಶ್ನೆಗಳಾಗಿ ಬಿಡಿಸಿ. ಯಾರಿಗೆ ಕೊಟ್ಟರು? ಏನು ಕೊಟ್ಟರು? ಯಾರೊಂದಿಗೆ ಹೋಲಿಸಿದರು? ಯಾವುದನ್ನು, ಎಷ್ಟು ದಿನದೊಳಗೆ ಅಳೆದರು? ಉತ್ತರ ಸಿಗದ ಪ್ರಶ್ನೆಯ ಮುಂದೆ ಜಾಗ ಖಾಲಿ ಬಿಡಿ.

ಆಮೇಲೆ ರಿಸಲ್ಟ್ಸ್‌ಗೆ ಹಾರದೆ ಮೆಥಡ್ಸ್‌ಗೆ ಹೋಗಿ, ಖಾಲಿ ಜಾಗ ತುಂಬಿ. ಔಷಧಿಯ ಪ್ರಮಾಣ ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ. ಯಾರಿಗೆ ಔಷಧಿ, ಯಾರಿಗೆ ಮಾಮೂಲಿ ಚಿಕಿತ್ಸೆ ಎಂಬುದನ್ನು ವೈದ್ಯರು ಆರಿಸಲಿಲ್ಲ, ಯಾದೃಚ್ಛಿಕವಾಗಿ ಹಂಚಲಾಯಿತು. ಇದು ಓಪನ್ ಲೇಬಲ್ ಪ್ರಯೋಗ, ಎಂದರೆ ಯಾರಿಗೆ ಏನು ಸಿಗುತ್ತಿದೆ ಎಂಬುದು ವೈದ್ಯರಿಗೂ ರೋಗಿಗೂ ಗೊತ್ತಿತ್ತು. ನೋವು ಎಷ್ಟು ಕಡಿಮೆಯಾಯಿತು ಎಂದು ರೋಗಿಯನ್ನೇ ಕೇಳಿ ಅಳೆಯುವ ಪ್ರಯೋಗದಲ್ಲಿ ಇದು ದೊಡ್ಡ ದೋಷವಾಗುತ್ತದೆ. ಇಲ್ಲಿ ಅಳೆದದ್ದು ಸಾವು. ಅದನ್ನು ಎಣಿಸುವಾಗ ಯಾರ ನಿರೀಕ್ಷೆಯೂ ನುಸುಳುವುದು ಕಷ್ಟ. ಮೆಥಡ್ಸ್‌ನ ಪ್ರತಿ ವಿವರವನ್ನೂ ಹೀಗೆ ಅಳತೆಯ ಜೊತೆಗಿಟ್ಟು ತೂಗಬೇಕು.

ಈಗ ಅಂಕಿಗಳು. ಔಷಧಿ ಪಡೆದ 2104 ಜನರಲ್ಲಿ 482 ಮಂದಿ, ಮಾಮೂಲಿ ಚಿಕಿತ್ಸೆಯ 4321 ಜನರಲ್ಲಿ 1110 ಮಂದಿ ತೀರಿಕೊಂಡರು: ಶೇ 22.9 ಮತ್ತು ಶೇ 25.7. ಕ್ಯಾಲ್ಕುಲೇಟರ್ ತೆಗೆದು ಭಾಗಿಸಿ ನೋಡಿ, 0.89 ಬರುತ್ತದೆ. ಅಬ್‌ಸ್ಟ್ರ್ಯಾಕ್ಟ್‌ನಲ್ಲಿ ಅಚ್ಚಾಗಿರುವ ಅನುಪಾತ ಮಾತ್ರ 0.83. ಇಂಥ ಕಡೆ ಲೆಕ್ಕ ತಪ್ಪಿದೆ ಎಂದು ಗಾಬರಿಯಾಗದೆ, ‘ಏಜ್ ಅಡ್ಜಸ್ಟೆಡ್’ ಎಂಬ ಪದವನ್ನು ಹಿಡಿದು ಮತ್ತೆ ಮೆಥಡ್ಸ್‌ಗೆ ಹೋಗಿ. ಹಂಚಿಕೆ ಯಾದೃಚ್ಛಿಕವಾಗಿದ್ದರೂ ಔಷಧಿ ಗುಂಪಿನವರ ಸರಾಸರಿ ವಯಸ್ಸು ಆಕಸ್ಮಿಕವಾಗಿ 1.1 ವರ್ಷ ಹೆಚ್ಚಿತ್ತು. ಕೋವಿಡ್‌ನಲ್ಲಿ ವಯಸ್ಸು ಏರಿದಂತೆ ಸಾವಿನ ಅಪಾಯವೂ ತೀವ್ರವಾಗಿ ಏರುವುದರಿಂದ ಆ ವ್ಯತ್ಯಾಸವನ್ನು ಸರಿದೂಗಿಸಿ ಲೆಕ್ಕ ಹಾಕಿದ್ದಾರೆ. ಕೈಯಾರೆ ಮಾಡಿದ ಒಂದು ಭಾಗಾಕಾರ ಪೇಪರಿನ ಒಳಗನ್ನು ಇಷ್ಟು ತೆರೆಯುತ್ತದೆ. ಅದನ್ನು ಯಾವತ್ತೂ ಬಿಡಬೇಡಿ.

ಎಚ್ಚರದ ಮಾತು ಎಲ್ಲಿದೆ ಎಂಬುದು ಉಪಗುಂಪುಗಳಲ್ಲಿ ಕಾಣುತ್ತದೆ. ವೆಂಟಿಲೇಟರ್‌ನಲ್ಲಿದ್ದವರಲ್ಲಿ ಅನುಪಾತ 0.64, ಅದರ ಶೇ 95 ವಿಶ್ವಾಸಾಂತರ 0.51ರಿಂದ 0.81. ಈ ದತ್ತಾಂಶಕ್ಕೆ ಹೊಂದುವ ಬೆಲೆಗಳ ಹರವು ಅದು. ಅನುಪಾತ 1 ಎಂದರೆ ಎರಡೂ ಗುಂಪುಗಳಲ್ಲಿ ಸಾವಿನ ಪ್ರಮಾಣ ಸಮ; ಈ ಹರವು ಪೂರ್ತಿಯಾಗಿ 1ರ ಕೆಳಗೇ ಇದೆ. ಉಸಿರಾಟದ ನೆರವು ಬೇಕಿಲ್ಲದವರಲ್ಲಿ ಅನುಪಾತ 1.19, ಹರವು 0.92ರಿಂದ 1.55. ಇಲ್ಲಿ ಹರವು 1ನ್ನು ದಾಟಿ ಎರಡೂ ಕಡೆ ಚಾಚಿದೆ. ‘ಔಷಧಿ ಇವರನ್ನು ಕೊಲ್ಲುತ್ತದೆ’ ಎಂದು ಬರೆದರೆ ತಪ್ಪು. ‘ಏನೂ ಪರಿಣಾಮವಿಲ್ಲ ಎಂದು ಸಾಬೀತಾಯಿತು’ ಎಂದರೂ ಅಷ್ಟೇ ತಪ್ಪು. ಲಾಭ ಕಾಣಲಿಲ್ಲ, ಹಾನಿಯ ಸಾಧ್ಯತೆಯನ್ನು ತಳ್ಳಿಹಾಕಲಾಗದು: ಇಷ್ಟೇ ಹೇಳಬಹುದು.

ಕೊನೆಗೆ ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ಈ ಪೇಪರ್ ‘ರಿಸಲ್ಟೆಡ್ ಇನ್’ ಎನ್ನುತ್ತದೆ, ಅಂದರೆ ಔಷಧಿಯೇ ಕಾರಣ. ಯಾದೃಚ್ಛಿಕ ಹಂಚಿಕೆ ಇದ್ದುದರಿಂದ ಆ ಮಾತಿಗೆ ಅಧಿಕಾರವಿದೆ. ಹಳೆಯ ಆಸ್ಪತ್ರೆ ದಾಖಲೆಗಳನ್ನು ನೋಡಿ ಬರೆದ ಪೇಪರಿನಲ್ಲಿ ಸಾಮಾನ್ಯವಾಗಿ ‘ವಾಸ್ ಅಸೋಸಿಯೇಟೆಡ್ ವಿತ್’ ಇರುತ್ತದೆ: ಎರಡೂ ಜೊತೆಯಲ್ಲಿ ಕಂಡವು, ಕಾರಣ ಬೇರೆ ಇರಬಹುದು. ‘ಸಜೆಸ್ಟ್’, ‘ಮೇ’ ಬಂದರೆ ಲೇಖಕರು ಇನ್ನೂ ಒಂದು ಹೆಜ್ಜೆ ಹಿಂದೆ ನಿಂತಿದ್ದಾರೆ. ಸಾರಾಂಶ ಬರೆಯುವಾಗ ‘ಇರಬಹುದು’ ಎಂಬುದು ನಿಮ್ಮ ಕೈಯಲ್ಲಿ ‘ಇದೆ’ ಆಗದಂತೆ ನೋಡಿಕೊಳ್ಳಿ.

ಯಾರ ಮೇಲೆ ಪ್ರಯೋಗ ನಡೆಯಿತು ಎಂಬ ನಿಮ್ಮ ಮೊದಲ ಪ್ರಶ್ನೆಯನ್ನೂ ಸಾರಾಂಶದಲ್ಲಿ ಉಳಿಸಿಕೊಳ್ಳಿ. ಇವರೆಲ್ಲ ಆಸ್ಪತ್ರೆ ಸೇರಿದವರು. ಮನೆಯಲ್ಲೇ ಇದ್ದ ಸೌಮ್ಯ ಲಕ್ಷಣದ ರೋಗಿಗಳ ಬಗ್ಗೆ ಈ ಪೇಪರ್ ಏನನ್ನೂ ಅಳೆದಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ತೀವ್ರ ಕಾಯಿಲೆಯವರಿಗೆ ಮಾತ್ರ ಸ್ಟೆರಾಯ್ಡ್ ಕೊಡಿ, ಉಳಿದವರಿಗೆ ಬೇಡ ಎಂದು ಸಲಹೆ ಕೊಟ್ಟಿತು.