ಬಿಸಿಯಿಲ್ಲದೆ ಬೆರೆತ ಆರ್ಗಾನ್ ಮತ್ತು ಆಮ್ಲಜನಕ: ನನ್ನ ಅನುಭವ

ಹೈಯರ್ ಸೆಕೆಂಡರಿಯಲ್ಲಿ ರಸಾಯನಶಾಸ್ತ್ರ ಕಲಿಸುವ ನಮಗೆಲ್ಲ ಪ್ರತಿ ವರ್ಷ ಎದುರಾಗುವ ಪ್ರಶ್ನೆಯೊಂದಿದೆ. ಎಂಟ್ರೋಪಿಯ ಬದಲಾವಣೆ ಎಂದರೆ q ಭಾಗಿಸು T. ಎರಡು ಆದರ್ಶ ಅನಿಲಗಳು ಬೆರೆಯುವಾಗ q ಸೊನ್ನೆ. ಹಾಗಾದರೆ ಎಂಟ್ರೋಪಿ ಹೆಚ್ಚುವುದು ಎಲ್ಲಿಂದ? ಪಕ್ಕದ ಶಾಲೆಯ ಹಿರಿಯ ಸಹೋದ್ಯೋಗಿಯೊಬ್ಬರು ನನಗೆ ಹೇಳಿದ್ದರು: "ಮಾಸ್ಟ್ರೇ, ಇದನ್ನು ತೋರಿಸಲು ಹೋಗಬೇಡಿ. ಏನೂ ಆಗದಿರುವುದನ್ನು ತೋರಿಸುವ ಪ್ರಯೋಗ ಯಾರಿಗೆ ಬೇಕು?" ಆ ಏನೂ ಆಗದಿರುವುದನ್ನೇ ತೋರಿಸಬೇಕೆಂದು ನಾನು ಹಟ ಹಿಡಿದೆ. ಕಾಸರಗೋಡಿನ ಈ ಗಡಿಯಲ್ಲಿ ಸಿಗುವ ಸಾಮಾನುಗಳಿಂದಲೇ ಅದು ಸಾಧ್ಯವಾಯಿತು.

ಮೊದಲು ಕೈಗೆತ್ತಿಕೊಂಡದ್ದು ಎಲ್ಲರಿಗೂ ಇಷ್ಟವಾದ ಕಂದು ಅನಿಲ, ನೈಟ್ರೋಜನ್ ಡೈ ಆಕ್ಸೈಡ್. ಬಣ್ಣ ಹರಡುವುದು ಕಣ್ಣಿಗೆ ಚೆಂದ. ಆದರೆ ಈ ವಿಷಯಕ್ಕೆ ಅದು ಸಲ್ಲದು. ಅದರೊಳಗೆ ಜೋಡಿಯಾಗಿರುವ N₂O₄ ಅಣುಗಳು ಗಾಳಿಯಲ್ಲಿ ತೆಳುವಾಗುತ್ತಿದ್ದಂತೆ ಒಡೆಯುತ್ತವೆ, ಒಡೆಯುವಾಗ ಶಾಖ ಹೀರುತ್ತವೆ. ಉಷ್ಣತೆ ಇಳಿಯುತ್ತದೆ, ಅಣುಗಳ ಸಂಖ್ಯೆ ಹೆಚ್ಚುತ್ತದೆ. ಶಾಖವಿಲ್ಲದ ಬೆರಕೆಯನ್ನು ತೋರಿಸಲು ಹೊರಟವನಿಗೆ ಇದರಿಂದ ಪ್ರಯೋಜನವಿಲ್ಲ. ವಿಷವೂ ಹೌದು.

ಹಾಗಾಗಿ ಆರ್ಗಾನ್ ಮತ್ತು ಆಮ್ಲಜನಕವನ್ನು ಆರಿಸಿಕೊಂಡೆ. ಕೋಣೆಯ ಉಷ್ಣತೆಯಲ್ಲಿ, ಒಂದು ವಾತಾವರಣದ ಒತ್ತಡದಲ್ಲಿ ಎರಡೂ ಬಹುಮಟ್ಟಿಗೆ ಆದರ್ಶ ಅನಿಲಗಳೇ. ಉಪ್ಪಳದ ಕಡೆಯ ವೆಲ್ಡಿಂಗ್ ಅಂಗಡಿಗಳಲ್ಲಿ ಸ್ಟೀಲ್ ಗೇಟಿನ ಕೆಲಸಕ್ಕೆ ಆರ್ಗಾನ್ ಇರುತ್ತದೆ, ಗ್ಯಾಸ್ ಕಟ್ಟಿಂಗ್‌ಗೆ ಆಮ್ಲಜನಕ ಇರುತ್ತದೆ. ಅಂಗಡಿಯವರು ಅನಿಲಕ್ಕೆ ನಾಲ್ಕೈದು ನೂರು ರೂಪಾಯಿ ಪಡೆದಿರಬೇಕು. ಅಗಲ ಬಾಯಿಯ ಎರಡು ಲೀಟರಿನ ಮೂರು ಗಾಜಿನ ಬಾಟಲಿ, ಒಂದಿಂಚಿನ ಎರಡು ಬಾಲ್ ವಾಲ್ವ್, ಅವುಗಳ ನಡುವೆ ಒಂದು ಯೂನಿಯನ್, ರಬ್ಬರ್ ಬಿರಡೆಗಳು, 0.1 ಡಿಗ್ರಿ ತೋರಿಸುವ ಡಿಜಿಟಲ್ ಥರ್ಮಾಮೀಟರ್. ಎಲ್ಲ ಸೇರಿ ಮೂರು ಸಾವಿರದ ಆಸುಪಾಸು ಖರ್ಚಾಯಿತು. ಹೆಚ್ಚಿನ ಹಣ ಹೋದದ್ದು ಗಾಜಿಗೆ.

ಭಾರವಾದ ಆರ್ಗಾನ್ ಕೆಳಗೆ, ಹಗುರವಾದ ಆಮ್ಲಜನಕ ಮೇಲೆ. ಈ ಕ್ರಮವನ್ನು ಬದಲಿಸಬೇಡಿ. ಭಾರದ್ದು ಮೇಲಿದ್ದರೆ ಅದು ಸುರಿದು ಬೆರೆಯಿತು ಎಂದು ಮಕ್ಕಳು ಹೇಳುತ್ತಾರೆ, ಅವರ ಮಾತು ಸರಿಯೂ ಆಗುತ್ತದೆ. ಬಾಟಲಿಯ ಐದಾರು ಪಟ್ಟು ಅನಿಲವನ್ನು ತಳಕ್ಕೆ ಇಳಿಸಿದ ನಳಿಗೆಯಿಂದ ಹರಿಸಿ ಒಳಗಿನ ಗಾಳಿಯನ್ನು ಹೊರದೂಡುತ್ತೇನೆ. ಸಿಲಿಂಡರಿನಿಂದ ಬಂದ ಅನಿಲ ತಣ್ಣಗಿರುತ್ತದೆ, ಆದ್ದರಿಂದ ಎರಡು ಗಂಟೆ ಕಾಯಬೇಕು. ಆಮೇಲೆ ಕ್ಲಿಪ್ಪನ್ನು ಕ್ಷಣಕಾಲ ಸಡಿಲಿಸಿ ಎರಡನ್ನೂ ಹೊರಗಿನ ಒತ್ತಡಕ್ಕೆ ತರಬೇಕು.

ನನ್ನನ್ನು ಅತಿ ಹೆಚ್ಚು ಕಾಡಿದ್ದು ಒತ್ತಡ ನೋಡುವ ಯು-ನಳಿಗೆ. ಅದರಲ್ಲಿ ಬಣ್ಣದ ನೀರು ಹಾಕಿದ್ದೆ. ವಾಲ್ವ್ ತೆರೆಯುವ ಮೊದಲೇ ನೀರಿನ ಮಟ್ಟ ನಿಧಾನವಾಗಿ ಸರಿಯತೊಡಗಿತು. ಸೋರಿಕೆ ಹುಡುಕಿ ಸುಸ್ತಾದೆ. ಕಾರಣ ಬೇರೆಯೇ ಇತ್ತು: ಸಿಲಿಂಡರಿನ ಅನಿಲ ಪೂರ್ತಿ ಒಣಗಿದ್ದು, ನೀರು ಅದರೊಳಕ್ಕೆ ಆವಿಯಾಗುತ್ತಿತ್ತು. 30 ಡಿಗ್ರಿಯಲ್ಲಿ ನೀರಾವಿಯ ಒತ್ತಡವೊಂದೇ 40 ಸೆಂಟಿಮೀಟರಿಗೂ ಮಿಕ್ಕಿದ ನೀರಿನ ಕಂಬವನ್ನು ಎತ್ತಬಲ್ಲದು. ನೀರು ಚೆಲ್ಲಿ ತೆಂಗಿನೆಣ್ಣೆ ಹಾಕಿದೆ. ನಮ್ಮೂರಿನ ಬಿಸಿಗೆ ಅದು ಹೆಪ್ಪುಗಟ್ಟುವುದಿಲ್ಲ, ಆವಿಯೂ ಆಗುವುದಿಲ್ಲ. ಆದರೆ ಸಿಲಿಂಡರಿನ ರೆಗ್ಯುಲೇಟರಿನ ಹತ್ತಿರ ಎಣ್ಣೆಯ ಕೈ ಸುಳಿಯಲೇಬಾರದು. ಒತ್ತಡದ ಆಮ್ಲಜನಕ ಮತ್ತು ಎಣ್ಣೆ ಸೇರಿದರೆ ಬೆಂಕಿ ಹೊತ್ತೀತು.

ಎರಡನೆಯ ತೊಂದರೆ ಹವೆಯದು. ಮುಚ್ಚಿದ ಬಾಟಲಿ ಒಂದು ಡಿಗ್ರಿ ಬಿಸಿಯಾದರೆ ಒತ್ತಡ ಮೂರೂವರೆ ಸೆಂಟಿಮೀಟರ್ ನೀರಿನಷ್ಟು ಏರುತ್ತದೆ. ಅದಕ್ಕಾಗಿ ಯು-ನಳಿಗೆಯ ಇನ್ನೊಂದು ತುದಿಯನ್ನು ಗಾಳಿಗೆ ಬಿಡದೆ, ಗಾಳಿ ತುಂಬಿ ಮುಚ್ಚಿದ ಮೂರನೆಯ ಬಾಟಲಿಗೆ ಜೋಡಿಸಿದೆ. ಮೂರನ್ನೂ ಮೀನು ಸಾಗಿಸುವ ದೊಡ್ಡ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಇಟ್ಟೆ. ಬಿಸಿಯಾದರೆ ಎಲ್ಲವೂ ಒಟ್ಟಿಗೆ ಬಿಸಿಯಾಗುತ್ತವೆ, ಎಣ್ಣೆ ಅಲುಗುವುದಿಲ್ಲ. ಬಿರಡೆ ಸೋರದಂತೆ ಮಾಡಿದ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ. ಬಂದು ನೋಡಿದವರಿಗೆ ತೋರಿಸುತ್ತೇನೆ.

ಸಂಜೆ ವಾಲ್ವ್‌ಗಳನ್ನು ತೆರೆದು ಮರುದಿನ ಮಧ್ಯಾಹ್ನದವರೆಗೆ ಬಿಟ್ಟೆ. ಕೊಳವೆ ಇಕ್ಕಟ್ಟಾದ್ದರಿಂದ ಅಷ್ಟು ಹೊತ್ತು ಬೇಕೇ ಬೇಕು. ಪೆಟ್ಟಿಗೆ ತೆರೆದಾಗ ಎಣ್ಣೆಯ ಎರಡು ಮಟ್ಟಗಳು ಹಿಂದಿನ ದಿನ ಅಂಟಿಸಿದ ಕಾಗದದ ಗೆರೆಯಲ್ಲೇ ಇದ್ದವು. ಅನಿಲದ ಮತ್ತು ಗಾಳಿ ಬಾಟಲಿಯ ಉಷ್ಣತೆಗಳ ನಡುವೆ ಥರ್ಮಾಮೀಟರಿಗೆ ಕಾಣುವ ವ್ಯತ್ಯಾಸವಿರಲಿಲ್ಲ. ಎಣ್ಣೆಯ ನಳಿಗೆಯನ್ನು ದೂರ ಸರಿಸಿ, ಕೆಳಗಿನ ಬಾಟಲಿಯೊಳಗೆ ಕೆಂಡದ ತುದಿಯ ಅಗರಬತ್ತಿ ಇಳಿಸಿದೆ. ಹಾಗೆಯೇ ಆರ್ಗಾನ್ ತುಂಬಿದ ಇನ್ನೊಂದು ಬಾಟಲಿಯಲ್ಲಿ ಅದು ಆಗಲೇ ಕಪ್ಪಾಗಿ ನಂದಿತ್ತು. ಇಲ್ಲಿ ತುದಿ ಮೊದಲು ಕಿತ್ತಳೆಯಾಗಿ, ಆಮೇಲೆ ಬೆಳ್ಳಗೆ ಹೊಳೆದು, ಚಿಟ್ಟೆಂದು ಜ್ವಾಲೆ ಹಿಡಿಯಿತು. ಯಾರೂ ಕಲಕದೆ ಆಮ್ಲಜನಕ ಕೆಳಗಿಳಿದಿತ್ತು. ಆ ಹಿರಿಯರನ್ನೂ ಕರೆಸಿದ್ದೆ. ಇನ್ನೊಮ್ಮೆ ಮಾಡಿಸಿ ನೋಡಿದರು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಶಾಖವಿಲ್ಲ, ಕೆಲಸವಿಲ್ಲ, ಒಳಗಿನ ಶಕ್ತಿಯೂ ಬದಲಾಗಲಿಲ್ಲ. ಆದರೆ ಎಂಟ್ರೋಪಿಯ ಸೂತ್ರದಲ್ಲಿರುವ q ನಿಜವಾಗಿ ನಡೆದ ದಾರಿಯದಲ್ಲ, ರಿವರ್ಸಿಬಲ್ ದಾರಿಯದು. ತಾನೇ ನಡೆದ ಬೆರಕೆ ರಿವರ್ಸಿಬಲ್ ಅಲ್ಲ. ಆದ್ದರಿಂದ ಮೊದಲ ಮತ್ತು ಕೊನೆಯ ಸ್ಥಿತಿಗಳನ್ನು ಜೋಡಿಸುವ ಬೇರೊಂದು ದಾರಿಯನ್ನು ಕಲ್ಪಿಸಿಕೊಳ್ಳಬೇಕು: ಆರ್ಗಾನನ್ನು ಮಾತ್ರ ಬಿಡುವ ಒಂದು ಪಿಸ್ಟನ್, ಆಮ್ಲಜನಕವನ್ನು ಮಾತ್ರ ಬಿಡುವ ಇನ್ನೊಂದು. ಎರಡನ್ನೂ ಮೆಲ್ಲಗೆ ಸರಿಸಿದರೆ ಒಂದೊಂದು ಅನಿಲವೂ ಎರಡು ಲೀಟರಿನಿಂದ ನಾಲ್ಕು ಲೀಟರಿಗೆ ಹಿಗ್ಗುತ್ತದೆ, ಹೊರಗೆ ಕೆಲಸ ಮಾಡುತ್ತದೆ, ಅಷ್ಟೇ ಶಾಖವನ್ನು ಹೊರಗಿನಿಂದ ಪಡೆಯುತ್ತದೆ.

ಒಂದೊಂದು ಬಾಟಲಿಯಲ್ಲಿ ಇದ್ದದ್ದು ಸುಮಾರು 0.08 ಮೋಲ್. ΔS = −R(n₁ ln x₁ + n₂ ln x₂), ಎರಡೂ x ಅರ್ಧರ್ಧ. ಉತ್ತರ ಕೆಲ್ವಿನ್ ಒಂದಕ್ಕೆ 0.94 ಜೂಲ್‌ನಷ್ಟು. 300 ಕೆಲ್ವಿನ್‌ನಿಂದ ಗುಣಿಸಿದರೆ ಸುಮಾರು 280 ಜೂಲ್. ಪಿಸ್ಟನ್ ದಾರಿಯಲ್ಲಿ ನಮ್ಮ ಕೈಗೆ ಬರಬಹುದಾಗಿದ್ದ ಕೆಲಸವಿದು. ವಾಲ್ವ್ ತೆರೆದು ಬಿಟ್ಟದ್ದರಿಂದ ಅದು ಪೂರ್ತಿ ಕೈಬಿಟ್ಟಿತು. ಬೆರೆತದ್ದನ್ನು ಅದೇ ಉಷ್ಣತೆಯಲ್ಲಿ ಮರಳಿ ಬೇರೆ ಮಾಡಲು ಕನಿಷ್ಠ ಇಷ್ಟು ಕೆಲಸವನ್ನು ನಾವೇ ಕೊಡಬೇಕು. ಹೊರಗಿನ ಜಗತ್ತು ಶಾಖ ಕೊಡಲೂ ಇಲ್ಲ, ಪಡೆಯಲೂ ಇಲ್ಲ. ಆದ್ದರಿಂದ ಅದರ ಎಂಟ್ರೋಪಿ ಬದಲಾಗಲಿಲ್ಲ. ಒಟ್ಟು ಹೆಚ್ಚಳ ಈ 0.94 ಅಷ್ಟೇ, ಅದು ಧನಾತ್ಮಕವಾದ್ದರಿಂದಲೇ ಬೆರಕೆ ತಾನಾಗಿ ನಡೆಯಿತು.

ಮಕ್ಕಳಿಗೆ ಇದನ್ನು ಅಡಿಕೆಯಿಂದ ತೋರಿಸುತ್ತೇನೆ. ಹತ್ತು ಹಣ್ಣಡಿಕೆ, ಹತ್ತು ಹಸಿರಡಿಕೆಗಳನ್ನು ಇಪ್ಪತ್ತು ಗುಳಿಗಳ ಹಲಗೆಯಲ್ಲಿ ಜೋಡಿಸಲು 1,84,756 ವಿಧಗಳಿವೆ. ಹಣ್ಣೆಲ್ಲ ಎಡಕ್ಕೆ, ಹಸಿರೆಲ್ಲ ಬಲಕ್ಕೆ ಬರುವುದು ಅವುಗಳಲ್ಲಿ ಒಂದೇ ಒಂದು. ಬಾಟಲಿಯೊಂದರಲ್ಲಿ ಇರುವುದು ಹತ್ತಲ್ಲ, ಸುಮಾರು 5×10²² ಅಣುಗಳು. ಆಮ್ಲಜನಕವನ್ನು ಆರ್ಗಾನಿನೊಳಕ್ಕೆ ಎಳೆದು ಬೆರೆಸುವ ಬಲವೇನೂ ಇಲ್ಲ. ಬೆರೆತ ಸ್ಥಿತಿಗಳ ಸಂಖ್ಯೆ ದೊಡ್ಡದು, ಅಷ್ಟೇ.

ಉಳಿದ ಆಮ್ಲಜನಕವನ್ನು ಎರಡೂ ಬಾಟಲಿಗಳಿಗೆ ತುಂಬಿ ಅದೇ ಪ್ರಯೋಗ ಮಾಡಿದೆ. ಎಣ್ಣೆ ಅಲುಗಲಿಲ್ಲ, ಉಷ್ಣತೆ ಬದಲಾಗಲಿಲ್ಲ, ಉಪಕರಣಗಳು ತೋರಿಸಿದ್ದು ಮೊದಲಿನಷ್ಟೇ. ಆದರೆ ಈ ಸಲ ಎಂಟ್ರೋಪಿಯ ಬದಲಾವಣೆ ಸೊನ್ನೆ, ಏಕೆಂದರೆ ಮೊದಲ ಸ್ಥಿತಿಗೂ ಕೊನೆಯ ಸ್ಥಿತಿಗೂ ಭೇದವೇ ಇಲ್ಲ, ವಾಲ್ವ್ ಮುಚ್ಚಿದರೆ ಮೊದಲಿದ್ದಂತೆಯೇ ಆಗುತ್ತದೆ. ಆರ್ಗಾನ್ ಆಮ್ಲಜನಕಕ್ಕೆ ಎಷ್ಟು ಹತ್ತಿರದ ಗುಣದ್ದಾಗಿದ್ದರೂ, ಬೇರೆ ಎಂದು ಗುರುತಿಸಲು ಬರುವ ತನಕ ಆ 0.94 ಕಡಿಮೆಯಾಗುವುದಿಲ್ಲ. ಗಿಬ್ಸ್ ಅವರ ಹೆಸರಿನ ವಿರೋಧಾಭಾಸ ಹುಟ್ಟುವುದು ಇಲ್ಲಿಯೇ. ಈಗ ತರಗತಿಯಲ್ಲಿ ಎರಡೂ ಪ್ರಯೋಗಗಳನ್ನು ಒಂದರ ಹಿಂದೆ ಒಂದು ಮಾಡುತ್ತೇನೆ, ಎರಡನೆಯದನ್ನು ಏನೂ ಹೇಳದೆ ಮಾಡಿ, ಎಂಟ್ರೋಪಿ ಎಷ್ಟು ಹೆಚ್ಚಿತು ಎಂದು ಕೇಳುತ್ತೇನೆ.